ಸೇವ್ ಒತ್ತಿದ್ರ ತಂಗಿ ಬರ್ತಿದ್ಲು

ನಾ ಫೋನಿನ್ಯಾಗ ಕನ್ನಡ ಟೈಪ್ ಮಾಡೂದು ಕಲ್ತದ್ದು ಇತ್ತೀಚಿಗೆ. ಒಂದ ಬೆರಳಿಲೆ ಕುಟ್ಟತೀನಿ, ಕ್ವಾಳಿ ಕಾಳ ಹೆಕ್ಕಿಧಾಂಗ. ತಪ್ಪಿದ್ರ ತಿದ್ದಿಕೊಂಡು ಓದ್ರಿ. ನಿಮಗೂ ಸ್ವಲ್ಪ ಕೆಲಸ ಇರಬೇಕಲ್ಲ.

ನಮ್ಮ ಯೆರವಡಾದಾಗ ಹೆಣ್ಣಮಕ್ಕಳಿಗೆ ಅಂತ ಪುಕ್ಕಟೆ ಕಂಪ್ಯೂಟರ್ ಕ್ಲಾಸ್ ಶುರು ಆತು. ಯಾವುದೋ ಆಫೀಸಿನವರು ಬಿಟ್ಟುಕೊಟ್ಟ ಹಳೇ ಲ್ಯಾಪ್‌ಟಾಪು, ಮನೀಗೆ ಒಯ್ಯಾಕೂ ಕೊಡ್ತಿದ್ರು. ನಾ ಮೊದಲನೇ ದಿನ ಹೋದದ್ದು ಕಲಿಯಾಕಲ್ಲ, ಅಲ್ಲಿ ಫ್ಯಾನ್ ಜೋರ ತಿರಗತದ ಅಂತ. ಕಲಿಸಾಕಿ ಕಲಬುರ್ಗಿ ಕಡೆ ಹುಡುಗಿ. ಅಪ್ಪ ಅವ್ವ ಇಲ್ಲೇ ಕಟ್ಟಡದ ಕೆಲಸಕ್ಕ ಬಂದವರು. ಉಳಿದವರ ಕೂಡ ಮರಾಠಿ ಮಾತಾಡ್ತಿದ್ಲು, ನನ್ನ ನೋಡಿದ ಕೂಡ್ಲೇ ಕನ್ನಡಕ್ಕ ಬಂದ್ಲು.

"ಆಯಿ, ನೀವೂ ಕಲೀತೀರೇನು?"

"ಯಾಕ, ವಯಸ್ಸಾದವರು ಒತ್ತಿದ್ರ ಬಟನ್ ಬಾಗತಾವೇನು?"

ಅಕಿ ನಕ್ಕು ನನ್ನ ಮುಂದ ಒಂದು ಲ್ಯಾಪ್‌ಟಾಪ್ ಇಟ್ಲು. ಪರದೆ ಎರಡು ಪಾಲು. ಎಡಕ್ಕ ನಾವು ಬರಿಯೂದು, ಬಲಕ್ಕ ಅದು ಪೇಜ್ ಆಗಿ ಕಾಣೂದು. ಕೆಳಗ ಮೂಲ್ಯಾಗ ಒಂದು ಬಟನ್ ಒತ್ತಿ ಪೇಜ್ ಚಾಲೂ ಮಾಡಿದ್ಲು. ಆಮ್ಯಾಲೆ ಎಡಕ್ಕ ಏನ ಬರದ್ರೂ ಸೇವ್ ಮಾಡೂತನಕಾ ಬಲಗಡೆ ಏನೂ ಆಗಾಂಗಿಲ್ಲ. ಕಂಟ್ರೋಲ್ ಹಿಡದು ಎಸ್ ಒತ್ತಿದ್ರ ಬಲಗಡಿದು ಕಣ್ಣ ಮಿಟಕಿಸಿಧಾಂಗ ಒಮ್ಮೆ ಹೋಗಿ, ಹೊಸಾದಾಗಿ ಬರ್ತದ. ಅದನ್ನ ನಾವು ಮುಟ್ಟೂದ ಬ್ಯಾಡ. ನನಗ ಆ ಆಟ ಭಾಳ ಸೇರ್ತು. ಹೆಡ್ಡಿಂಗ್ ಶುರು ಮಾಡೂ ಟ್ಯಾಗ್ ಹಾಕಿ ಮುಗಸೂದನ್ನ ಮರತೆ. ಸೇವ್ ಒತ್ತಿದ್ರ ಕೆಳಗಿನ ಅಕ್ಷರ ಎಲ್ಲಾ ಹೆಡ್ಡಿಂಗಿನಂಗ ದಪ್ಪ ಆಗಿ ಬಿಟ್ವು. "ಇವೇನು ಮದುವಿ ಊಟ ಉಂಡು ಬಂದಾವೇನು?" ಅಂದೆ. ಕ್ಲಾಸೆಲ್ಲಾ ನಕ್ಕಿತು.

ಪೇಜಿನ್ಯಾಗ ಏನ ಬರೀಬೇಕು ಅಂದಾಗ ಉಳಿದವರು ಬ್ಲೌಸ್ ಹೊಲಿಯೂದು, ಮೆಹಂದಿ ಅಂತ ಹಿಡಿದ್ರು. ನಾ ನನ್ನ ತಂಗೀನ್ನ ಬರದೆ.

ನನ್ನ ತಂಗಿ ಗಂಡನ ಮನಿ ಬಿಟ್ಟು ಬಂದಾಕಿ. ಯಾಕ ಬಂದ್ಲು ಅನ್ನೂದು ಅಕಿ ಮೈ ಮ್ಯಾಲಿನ ಹೊಡತದ ಕಲಿ ನೋಡಿದವರಿಗೆ ಕೇಳೂದು ಬೇಕಾಗಿರಲಿಲ್ಲ. ನನ್ನ ತಮ್ಮ, ಅಂದ್ರ ಅಕಿಗೆ ಅಣ್ಣ, ಖಡಕಿಯಾಗ ಅರಿವಿ ಅಂಗಡಿ ಇಟ್ಟಾನ. ಅಂವಾ ಬಾಗಿಲ ತಗೀಲಿಲ್ಲ. ಅಕಿ ನಮ್ಮ ಹತ್ರ ಒಂದು ಖೋಲಿ ಹಿಡದು ಜ್ವಾಳದ ರೊಟ್ಟಿ ಬಡದು ಮಾರಾಕ ಹತ್ತಿದ್ಲು. ಹಾಸ್ಟೆಲ್ ಹುಡುಗ್ರು, ಆಫೀಸಿನವರು, ಎಲ್ಲಾರೂ ತಿಂದ್ರು. ಒಂದ್ಸಲ ತಮ್ಮನ ಅಂಗಡ್ಯಾಗ ಗಿರಾಕಿ ಒಬ್ಬಾಕಿ ನನ್ನ ಎದುರಿಗೇ ಅವನ್ನ ಕೇಳಿದ್ಲು, "ತೀ ಭಾಕರೀವಾಲೀ ತುಮಚೀ ಬಹೀಣ ನಾ?" ಆ ರೊಟ್ಟಿ ಮಾರಾಕಿ ನಿಮ್ಮ ತಂಗಿ ಹೌದಲ್ಲೊ ಅಂತ. ತಮ್ಮ ಅರಿವಿ ಮಡಚಿಕೋತ "ನಾಹೀ" ಅಂದ. ಮುಖಾ ಸೈತ ಎತ್ತಲಿಲ್ಲ.

ತಂಗಿ ಹ್ವಾದ ವರ್ಷ ತೀರಿಕೊಂಡ್ಲು. ಅಂವಾ ಮಣ್ಣಿಗೂ ಬರಲಿಲ್ಲ. ಅವನ ಮನ್ಯಾಗ ನಮ್ಮ ಅಪ್ಪಾ ಅವ್ವನ ಫೋಟೋ ಅದಾವ, ಬಾಜೂಕ ಗ್ವಾಡಿ ಖಾಲಿ ಅದ. ವರ್ಷದ ತಿಥಿಯೊಳಗ ತಂಗಿ ಫೋಟೋ ಆ ಗ್ವಾಡಿಗೆ ಏರಬೇಕು ಅನ್ನೂದೊಂದ ಆಸೆ ನನಗ. ತವರ ಮನಿಗೆ ಜೀವಂತ ಸೇರಸಲಿಲ್ಲ, ಚೌಕಟ್ಟಿನ್ಯಾಗರ ಸೇರಸಲಿ.

ಪೇಜಿನ ಮ್ಯಾಲೆ ಅಕಿ ಹೆಸರು. ಅದರ ಕೆಳಗ ಅಕಿ ಕತಿ, ಫೋನಿನ್ಯಾಗ ಕುಟ್ಟಿ ಲ್ಯಾಪ್‌ಟಾಪಿಗೆ ತಂದು ಅಂಟಿಸಿದ್ದೆ. ಫೋಟೋ ಮಾತ್ರ ಬರವಲ್ದು. ಫೋಟೋ ಇರೂ ಜಾಗಾದಾಗ ಹರದ ಕಾಗದದಂಥಾ ಸಣ್ಣ ಚಿತ್ರ ಅಷ್ಟ.

"ಆಯಿ, ಪೇಜ್ ಇದ್ದ ಫೋಲ್ಡರಿನ್ಯಾಗ ಫೋಟೋ ಇಲ್ಲ. ಅದು ಡೌನ್‌ಲೋಡಿನ್ಯಾಗ ಕುಂತದ. ಇಲ್ಲಿ ತರ್ರಿ."

ತಂದು ಇಟ್ಟೆ. ಕಂಟ್ರೋಲ್, ಎಸ್. ಪೇಜ್ ಮಿಟಕಿತು, ತಂಗಿ ಬಂದ್ಲು. ಒಲಿ ಮುಂದ ಕುಂತು, ಕೈಯೆಲ್ಲಾ ಹಿಟ್ಟು, ನಾ ಏನೋ ಕೆಟ್ಟ ಜೋಕ್ ಹೇಳಿದ್ದಕ್ಕ ಬಾಯಿ ತಗದು ನಗಾಕ ಹತ್ಯಾಳ. ಅವತ್ತ ಮನೀಗೆ ಹೋಗಿ ನಾ ಸುಮ್ಮಸುಮ್ಮನ ಒಂದು ಚುಕ್ಕಿ ಹಾಕೂದು, ಸೇವ್ ಒತ್ತೂದು. ಅಕಿ ಹೋಗೂದು, ಬರೂದು. ಚುಕ್ಕಿ ತಗಿಯೂದು, ಮತ್ತ ಒತ್ತೂದು.

ನಾ ಮುಟ್ಟದ ತಾನ ಬದಲಾಗತದ ಅಂದ್ರ ಇದು ಹೊರಗ ಜಗತ್ತಿಗೆ ಹೋಗೇ ಬರ್ತಿರಬೇಕು ಅಂತ ತಿಳಕೊಂಡೆ. ಮ್ಯಾಲೆ ವಿಳಾಸಾನೂ ಇತ್ತು, ಬರೇ ಅಂಕಿ, ನಡುನಡುಕ ಚುಕ್ಕಿ, ಕೊನಿಗೆ ನನ್ನ ಪೇಜಿನ ಹೆಸರು. ಅದನ್ನ ಎತ್ತಿ ನಮ್ಮ ಮಂದಿ ವಾಟ್ಸಾಪ್ ಗ್ರೂಪಿನ್ಯಾಗ ಹಾಕಿದೆ. "ನಮ್ಮ ತಂಗಿ ಬಗ್ಗೆ ನಾನ ಮಾಡೀನಿ. ಎಲ್ಲಾರೂ ನೋಡ್ರಿ."

ಏನು ಹೊಗಳಿಕಿ! ಸೋಲಾಪುರದ ನೆಗೆಣ್ಣಿ "ಸೂಪರ್" ಅಂದ್ಲು. ಚಪ್ಪಾಳೆ, ಹೂವು, ಕೈ ಮುಗದ ಚಿತ್ರ. ಕೊನಿಗೆ ತಮ್ಮನ ಮೆಸೇಜ್ ಬಂತು. "ಭಾಳ ಛಂದ ಮಾಡೀಯವ್ವಾ ಅಕ್ಕಾ. ನೋಡಿ ಕಣ್ಣಾಗ ನೀರು ಬಂತು."

ನಾ ಅದನ್ನ ಓದಿ ಓದಿ ಅತ್ತೆ. ಇಷ್ಟು ದಿನದ ಕಲ್ಲು ಒಂದು ಪೇಜಿಗೆ ಕರಗಿತಲ್ಲಾ ಅಂತ. ಮರುದಿನ ಹೋಗಿ ಫೋಟೋಕ್ಕ ಚೌಕಟ್ಟ ಹಾಕಿಸಿದೆ, ಅಪ್ಪಾ ಅವ್ವನ ಫೋಟೋದಷ್ಟ ಉದ್ದ ಅಗಲ.

ಜಂಬ ತಡೀಲಿಲ್ಲ. ಕ್ಲಾಸಿನ್ಯಾಗ ಎಲ್ಲಾರಿಗೂ ತೋರಸಬೇಕಂತ ಫೋನ್ ತಗದು ಆ ವಿಳಾಸ ಒತ್ತಿದೆ. ಪೇಜ್ ಸಿಗಾಂಗಿಲ್ಲ ಅಂತ ಬಂತು. ಮತ್ತೊಮ್ಮೆ ಒತ್ತಿದೆ, ಅದ ಹಾಡು.

"ಟೀಚರ್ ಬಾಯಿ, ನನ್ನ ಫೋನ್ ಕೆಟ್ಟದ ನೋಡ್ರಿ."

ಅಕಿ ನೋಡಿದ್ಲು. "ಫೋನ್ ಚಲೋ ಅದ ಆಯಿ. ಈ ಅಂಕಿ ಅಂದ್ರ 'ನಾ ಇರೂ ಯಂತ್ರ' ಅಂತ ಅರ್ಥ. ಯಾರ ಒತ್ತತಾರೋ ಅವರ ಯಂತ್ರದಾಗ ಹುಡುಕತದ. ನಿಮ್ಮ ಪೇಜ್ ನಿಮ್ಮ ಲ್ಯಾಪ್‌ಟಾಪಿನ್ಯಾಗಷ್ಟ ಅದ. ನೀವು ಬರಿಯೂದು ನಿಮಗ ಕಾಣಲಿ ಅಂತ ಮಾಡಿದ್ದಿದು. ಹೊರಗಿನವರಿಗೆ ಕಾಣಾಂಗಿಲ್ಲ."

"ಇಲ್ಲವಾ, ಮಂದಿ ನೋಡ್ಯಾರ. ಹೊಗಳ್ಯಾರ."

"ಯಾರಿಗೂ ತೆರದಿರಾಕ ಸಾಧ್ಯ ಇಲ್ಲ ಆಯಿ," ಅಂತ ನಕ್ಕೋತ ಅಂದಾಕಿ, ನನ್ನ ಮುಖಾ ನೋಡಿ ನಗಿ ನಿಲ್ಲಿಸಿದ್ಲು.

ಆದ್ರೂ ಮನಸ್ಸು ಒಪ್ಪವಲ್ದು. ನನ್ನೊಳಗಿನ ಹಳೇ ಕಿಡಿಗೇಡಿ ಎದ್ದು ಕುಂತ್ಲು. ತಮ್ಮಗ ಒಬ್ಬಂಗ ಬರದೆ: "ಫೋಟೋ ಬದಲಿ ಮಾಡೀನಪಾ. ಈಗ ಹಸರ ಸೀರಿದು ಹಾಕೀನಿ. ಹ್ಯಾಂಗದ?" ಫೋಟೋ ಬದಲಿ ಮಾಡಿರಲಿಲ್ಲ. ತಂಗಿ ಹತ್ರ ಹಸರ ಸೀರಿ ಇರಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಹಸರು ಅಕಿಗೆ ಭಾಳ ಒಪ್ಪತದ ಅಕ್ಕಾ."

ಮೊದಲ ನಗಿ ಬಂತು. ಆಮ್ಯಾಲೆ ಬಾಯಿ ಕಹಿ ಆತು. ಹಾಗಲಕಾಯಿ ಕಹಿ ಆದ್ರ ಬೆಲ್ಲ ತಿಂದ್ರ ಹೋಗತದ. ಇದಕ್ಕ ಏನ ತಿನ್ನೂದು?

ಮರುದಿನ ಗ್ರೂಪಿನ್ಯಾಗಿಂದ ತಮ್ಮನ ಮಾತು ಎತ್ತಿ, ಪೇಜಿನ್ಯಾಗ ತಂಗಿ ಫೋಟೋದ ಕೆಳಗ ಅಂಟಿಸಿದೆ. ಸೇವ್ ಮಾಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಚೌಕಟ್ಟಿನ ಫೋಟೋ ಜೋಡಿ ಚೀಲದಾಗ ಹಾಕಿಕೊಂಡು ರಿಕ್ಷಾ ಹಿಡದು ಖಡಕಿಗೆ ಹ್ವಾದೆ.

ತಮ್ಮ ಊಟಾ ಮುಗಿಸಿ ಸೋಫಾದ ಮ್ಯಾಲೆ ಕುಂತಿದ್ದ. "ಬಾ ಅಕ್ಕಾ. ಏನಿದು, ಲ್ಯಾಪ್‌ಟಾಪ್ ಹಿಡಕೊಂಡು ಮ್ಯಾನೇಜರ್ ಆಗೀಯಲ್ಲ!"

"ನೀ ನೋಡಿದ ಪೇಜ್ ಮತ್ತೊಮ್ಮೆ ನೋಡಪಾ, ದೊಡ್ಡದಾಗಿ."

"ನೋಡೀನಲ್ಲಾ. ಮತ್ತ ಇಲ್ಲಿ ನೆಟ್ಟು..."

"ಇದಕ್ಕ ನೆಟ್ ಬೇಕಾಗಿಲ್ಲ."

ತೆರದು ಅವನ ಮುಂದ ಇಟ್ಟೆ. ಹಿಟ್ಟಿನ ಕೈಯಿಲೆ ನಗೂ ತಂಗಿ. ಬೂದಿ ಬಣ್ಣದ ಹಳೇ ಸೀರಿ. ಅಂವಾ ಒಮ್ಮೆ ನೋಡಿ ಕಣ್ಣ ಬ್ಯಾರೆ ಕಡೆ ತಿರುಗಿಸಿದ.

"ಹಸರ ಎಲ್ಲದಪಾ?" ಅಂದೆ.

ನಾ ಕಂಟ್ರೋಲ್ ಹಿಡದು ಎಸ್ ಒತ್ತಿದೆ. ಪೇಜ್ ಮಿಟಕಿತು. ತಂಗಿ ಹೋಗಿ ಬಂದ್ಲು. ಅಕಿ ಕೆಳಗ ಅವನ ಮಾತು ಬಂತು. "ನೋಡಿ ಕಣ್ಣಾಗ ನೀರು ಬಂತು." ಅದರ ಮುಂದ ನಾ ಹಾಕಿದ್ದು ಎರಡ ಶಬ್ದ, "ಅಕಿ ಅಣ್ಣ".

"ಅಕ್ಕಾ, ತಗೀ ಇದನ್ನ. ಅಕಿ ರೊಟ್ಟಿ ಬಡಿಯೂದೂ, ನಾ ಅಣ್ಣ ಅನ್ನೂದೂ... ಮಂದಿ ನೋಡ್ತಾರ. ಅಂಗಡಿ ಅದ ನನ್ನದು."

"ಯಾರೂ ನೋಡಾಂಗಿಲ್ಲ. ಇದು ಈ ಯಂತ್ರದಾಗಷ್ಟ ಅದ. ನೀ ಮತ್ತ ನಾ, ಇಬ್ಬರ."

ಅವನ ಮುಖಾ ಸಡಲಾತು. ನಿಟ್ಟುಸಿರು ಬಿಟ್ಟ. "ಹಂಗೇನು? ಮೊದಲ ಹೇಳಬಾರದ? ಹಂಗಾರ ಇರಲಿ ಬಿಡು. ಚಹಾ ಕುಡೀತೀ?"

ಆ 'ಇರಲಿ ಬಿಡು' ನನಗ ಆ 'ನಾಹೀ'ಗಿಂತ ಜೋರ ಬಡೀತು. ಚೌಕಟ್ಟು ಚೀಲದಾಗಿಂದ ಹೊರಗ ತಗೀಲೇ ಇಲ್ಲ. ಚಹಾ ಕುಡದೆ. ಸಕ್ಕರಿ ಕಡಿಮಿ ಇತ್ತು ಅಂತನೂ ಹೇಳಿ ಬಂದೆ.

ಕ್ಲಾಸಿಗೆ ಹೋಗಿ ಟೀಚರ್ ಬಾಯಿಗೆ ಅಂದೆ, "ಇದನ್ನ ಖರೇನ ಹೊರಗ ಹಾಕು. ಯಾರ ಒತ್ತಿದ್ರೂ ತೆರೀಬೇಕು."

ಅಕಿ ಓದಿದ್ಲು. "ಆಯಿ, ಕೊನೀ ಸಾಲು ತಗೀಲೇನು?"

"ಒಂದ ಅಕ್ಷರಾನೂ ಮುಟ್ಟಬ್ಯಾಡ."

ಪೇಜನ್ನೂ ಫೋಟೋನ್ನೂ ಎತ್ತಿ ಪುಕ್ಕಟೆ ಜಾಗಾ ಕೊಡೂ ಕಡೆ ಹಾಕಿದ್ಲು. ಹೊಸಾ ವಿಳಾಸ ಅಂಕಿ ಅಲ್ಲ, ಅಕ್ಷರ. ಈ ಸಲ ಮೊದಲ ನನ್ನ ಫೋನಿನ್ಯಾಗ ಒತ್ತಿ ನೋಡಿದೆ. ತೆರೀತು. ಗ್ರೂಪಿನ್ಯಾಗ ಹಾಕಿದೆ. "ಹಿಂದಿಂದು ಯಾರಿಗೂ ತೆರದಿರಲಿಲ್ಲಂತ. ಇದು ತೆರೀತದ. ಹೊಗಳಿಕಿ ಮೊದಲ ಮುಟ್ಯಾವ, ಈಗ ಬರೇ ನೋಡ್ರಿ."

ಎಲ್ಲಾರ ಟಿಕ್ಕೂ ನೀಲಿ ಆದ್ವು. ಒಂದು ಹೂವ ಬರಲಿಲ್ಲ, ಒಂದು ಚಪ್ಪಾಳೆ ಬರಲಿಲ್ಲ. ಫೋನ್ ಬಂದದ್ದು ತಮ್ಮಂದು ಒಂದ.

"ಅಕ್ಕಾ, ತಗೀ ಅದನ್ನ. ಕೈ ಮುಗೀತೀನಿ."

"ನೀನ ಬರದದ್ದಪಾ."

"ನಾ ನೋಡಲಾರದ ಬರದೆ."

"ಗೊತ್ತದ. ತಿಥಿಗೆ ಬಾ. ಅಕಿ ಫೋಟೋ ಒಯ್ದು ಅಪ್ಪಾ ಅವ್ವನ ಬಾಜೂಕ ಹಾಕು. ಆ ಸಾಲು ಅಳಸಾಕ ನನಗ ಎಷ್ಟೊತ್ತು? ನಾನ ಅಳಿಸಿ ಮತ್ತ ಮ್ಯಾಲೆ ಹಾಕಿಸ್ತೀನಿ."

ಆ ಕಡೆಯಿಂದ ಯಾರೋ ಗಿರಾಕಿ ಮರಾಠಿಯೊಳಗ ಟಾವೆಲ್ ಕೇಳಿದ್ರು. ಫೋನ್ ಕಟ್ ಆತು.

ತಿಥಿ ದಿನ ನಾನ ರೊಟ್ಟಿ ಬಡದೆ. ಅಕಿಯಷ್ಟು ತೆಳ್ಳಗ ಬರಲಿಲ್ಲ, ಅಂಚು ಸೀಳಿದ್ವು. ಟೀಚರ್ ಬಾಯಿ ಬಂದು ಉಂಡು ಹ್ವಾದ್ಲು. ಖಡಕಿಯಿಂದ ಯಾರೂ ಬರಲಿಲ್ಲ. ಚೌಕಟ್ಟು ನನ್ನ ಖೋಲ್ಯಾಗ ಮೊಳಿ ಹೊಡದು ಏರಿಸೀನಿ.

ಪೇಜ್ ಇನ್ನೂ ಅದ. ಆ ಸಾಲೂ ಅದ.