ವೆಲ್ಡಿಂಗ್ ಪಾಠದ ಮುನ್ನೂರು ಶಾಟ್

ಬುಧವಾರ, ಬೆಳಿಗ್ಗೆ ಒಂಬತ್ತೂವರೆ. ಯಲಹಂಕ ನ್ಯೂಟೌನಿನಲ್ಲಿರುವ ನಮ್ಮ ತರಬೇತಿ ಕೇಂದ್ರದ ಎರಡನೇ ಮಹಡಿ, ಎಡಿಟಿಂಗ್ ಕೋಣೆ. ಹಾಜರಿದ್ದವರು ನಾಲ್ವರು: ಕೇಂದ್ರದ ಮುಖ್ಯಸ್ಥರು, ವಿಡಿಯೊ ಎಡಿಟ್ ಮಾಡುವ ಧಾರವಾಡದ ಹೆಣ್ಣುಮಗಳು, ವೆಲ್ಡಿಂಗ್ ಕಲಿಸುವ ನನ್ನ ಗೆಳೆಯ, ಫಿಟ್ಟರ್ ಕೆಲಸ ಕಲಿಸುವ ನಾನು. ಗೆಳೆಯ ಬಂದದ್ದು ಒಂಬತ್ತು ನಲವತ್ತಕ್ಕೆ. ಆದ್ದರಿಂದ ಮೊದಲ ಹತ್ತು ನಿಮಿಷ ಹಾಜರಿದ್ದವರು ಮೂವರೇ.

ನಾನು ಕೆಲಸ ಕಲಿತದ್ದು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ತರಬೇತಿ ಶಾಲೆಯಲ್ಲಿ. ಅಲ್ಲಿ ಏಳು ಗಂಟೆಯ ಸೈರನ್ನಿಗೆ ಕಬ್ಬಿಣ ಉಜ್ಜುವ ಅರ ಕೈಯಲ್ಲಿರಬೇಕಿತ್ತು, ಏಳೂ ಒಂದಕ್ಕೆ ಬಂದವನು ಗೇಟಿನ ಹೊರಗೆ ನಿಲ್ಲಬೇಕಿತ್ತು. ನಿವೃತ್ತನಾದ ಮೇಲೂ ಆ ಸೈರನ್ ನನ್ನ ಕಿವಿಯಲ್ಲಿ ಕೂಗುತ್ತದೆ. ಗೆಳೆಯನದು ಬೇರೆ ದಾರಿ. ಯಲಹಂಕದ ಪಕ್ಕದ ಸಿಂಗಾಪುರ ಎಂಬ ಹಳ್ಳಿಯ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡ ಎದ್ದಿದೆ. ಬಾಡಿಗೆಯಲ್ಲೇ ಬದುಕಬಹುದಾದವನು, ಕಿಡಿ ನೋಡದೆ ಇರಲಾಗುವುದಿಲ್ಲವೆಂದು ಪಾಠಕ್ಕೆ ಬರುತ್ತಾನೆ. ಬಂದಾಗ ಬರುತ್ತಾನೆ.

ನಮ್ಮಿಬ್ಬರ ಪಾಠಗಳನ್ನೂ ಕೇಂದ್ರದವರು ವಿಡಿಯೊ ಮಾಡಿಸಿದ್ದರು. ಮರುದಿನ ಸೇರುವ ಹೊಸ ತಂಡದ ಟ್ಯಾಬ್‌ಗಳಿಗೆ ಅವನ್ನು ಹಾಕಬೇಕು. ಹಳೆಯ ತಂಡದವರು ಅರ್ಧಕ್ಕೇ ನೋಡುವುದನ್ನು ಬಿಟ್ಟಿದ್ದರು. ಎಲ್ಲಿ ಬೇಸರ ಬರುತ್ತದೆಂದು ಕಂಡುಹಿಡಿಯಲು ಮುಖ್ಯಸ್ಥರು ಒಂದು ಸಾಫ್ಟ್‌ವೇರ್ ತರಿಸಿದ್ದರು.

"ಇದು ಒಂದ ಚಿತ್ರ, ಅದರ ಮುಂದಿನ ಚಿತ್ರ, ಎರಡನ್ನೂ ಹೋಲಿಸಿ ನೋಡತೈತ್ರಿ ಸರ್," ಎಂದಳು ಧಾರವಾಡದ ಹೆಣ್ಣುಮಗಳು. "ಬಣ್ಣ, ಬೆಳಕು ಒಮ್ಮೆಲೇ ಭಾಳ ಬದಲಾದ್ರ ಅಲ್ಲೊಂದು ಕಟ್ ಐತಿ ಅಂತ ಬರಕೋತೈತಿ. ಒಂದು ಕಟ್ಟಿನಿಂದ ಇನ್ನೊಂದು ಕಟ್ಟಿನ ತನಕ ಒಂದು ಶಾಟ್. ಯಾವ ಶಾಟ್ ಎಷ್ಟು ಸೆಕೆಂಡ್ ಅಂತ ಪಟ್ಟಿ ಕೊಡತೈತಿ. ಉದ್ದ ಇದ್ದದ್ದು ಕೆಂಪು."

ನನಗೆ ಸಂತೋಷವಾಯಿತು. ಅಳೆದು ಪಟ್ಟಿ ಮಾಡುವ ಯಂತ್ರ ನನಗೆ ಪರಕೀಯವಲ್ಲ.

ಆಮೇಲೆ ಪಟ್ಟಿ ತೆರೆದರು. ಗೆಳೆಯನ ಇಪ್ಪತ್ತೈದು ನಿಮಿಷದ ವೆಲ್ಡಿಂಗ್ ಪಾಠ ಮೊದಲ ಸ್ಥಾನದಲ್ಲಿತ್ತು: ಮುನ್ನೂರು ಶಾಟ್, ಸರಾಸರಿ ಐದು ಸೆಕೆಂಡ್. ನನ್ನ ಇಪ್ಪತ್ತೆರಡು ನಿಮಿಷದ ಅರದ ಪಾಠ ಕಟ್ಟಕಡೆಗೆ: ಐದು ಶಾಟ್, ಸರಾಸರಿ ನಾಲ್ಕು ನಿಮಿಷ ಇಪ್ಪತ್ನಾಲ್ಕು ಸೆಕೆಂಡ್. ಮೇಲಿಂದ ಕೆಳಗೆ ಕೆಂಪು.

ಗೆಳೆಯ ಒಳಗೆ ಬಂದದ್ದು ಇದೇ ಹೊತ್ತಿಗೆ. ತಡವಾಗಿ ಬಂದವನಿಗೆ ಮುಖ್ಯಸ್ಥರು ಎದ್ದು ಕೈ ಕುಲುಕಿದರು.

"ಏನ್ ಗುರುಗಳೇ, ನಾನ್ ಫಸ್ಟಾ?" ಎಂದ. "ಏಳ್ತಿರ್ಲಿಲ್ವಾ ನಾನು? ಪಾಠ ಅಂದ್ರೆ ಇಂಗಿರ್ಬೇಕು, ಕುದುರೆ ಓಡ್ದಂಗೆ."

ಅವನ ಪಾಠ ಹೇಗೆ ಓಡುತ್ತದೆಂದು ಇಡೀ ಕೇಂದ್ರಕ್ಕೆ ಗೊತ್ತು. ಮಧ್ಯಾಹ್ನ ಊಟವಾದ ಮೇಲೆ ಅವನ ತರಗತಿಯ ಹೊರಗೆ ನಿಂತರೆ ಒಳಗಿನಿಂದ ಬರುವುದು ಗೊರಕೆ.

ಮುಖ್ಯಸ್ಥರ ಆಜ್ಞೆ ಚುಟುಕಾಗಿತ್ತು. ವೆಲ್ಡಿಂಗ್ ಪಾಠ ಮಾದರಿ, ಅದನ್ನು ಮುಟ್ಟಬಾರದು. ಉಳಿದ ಪಾಠಗಳಲ್ಲಿ ತೊಂಬತ್ತು ಸೆಕೆಂಡ್ ಮೀರಿದ ಪ್ರತಿ ಶಾಟನ್ನೂ ಕತ್ತರಿಸಬೇಕು. ಅರ ಉಜ್ಜುವ ಆರು ನಿಮಿಷ ನಲವತ್ತು ಸೆಕೆಂಡಿನ ಶಾಟ್ ನಲವತ್ತು ಸೆಕೆಂಡಿಗೆ ಇಳಿಯಬೇಕು. ಮೂರು ಗಂಟೆಗೆ ತೋರಿಸಿ, ನಾಲ್ಕು ಗಂಟೆಗೆ ಫೈಲ್ ಕಳಿಸಬೇಕು.

"ಆ ಶಾಟ್ ಒಂದನ್ನು ಬಿಡಿ ಸಾರ್," ಎಂದೆ. "ಅದೇ ಪಾಠ. ಉಳಿದದ್ದು ಬರೀ ಮಾತು."

"ನೀವೇ ಹೇಳ್ತೀರಲ್ಲ, ಅಳತೆ ಮುಂದೆ ವಾದ ಇಲ್ಲ ಅಂತ," ಎಂದು ಅವರು ಹೊರಟರು. ಹೇಳುತ್ತೇನೆ, ನಿಜ. ಪ್ರತಿ ತಂಡಕ್ಕೂ ಹೇಳುತ್ತೇನೆ.

ಆ ಶಾಟಿನಲ್ಲಿ ಏನಿದೆಯೆಂದು ಹೇಳಬೇಕು. ಕಬ್ಬಿಣದ ತುಂಡನ್ನು ವೈಸಿನಲ್ಲಿ ಬಿಗಿದು ಅರದಿಂದ ಸಮ ಮಾಡುತ್ತಿದ್ದೇನೆ. ಮೂರನೇ ನಿಮಿಷದ ಹೊತ್ತಿಗೆ ತೋಳು ದಣಿದು ಅರ ತೊಟ್ಟಿಲಿನಂತೆ ತೂಗಿತು. ಟ್ರೈ ಸ್ಕ್ವೇರ್ ಎಂಬ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಎರಡೂ ಅಂಚಿನಲ್ಲಿ ಬೆಳಕು ಸೋರುತ್ತಿದೆ, ನಡುವೆ ಉಬ್ಬು. ಕ್ಯಾಮೆರಾ ಎದುರೇ ಕೆಡಿಸಿದ್ದೆ. ಬೇಕೆಂದು ಮಾಡಿದ್ದಲ್ಲ. ಆಮೇಲೆ ನಿಲುವು ಬದಲಿಸಿ, ಅಡ್ಡಡ್ಡ ಉಜ್ಜಿ, ಉಬ್ಬನ್ನು ಇಳಿಸಿ ಬೆಳಕು ಮುಚ್ಚಿದೆ. ಅದನ್ನು ನಲವತ್ತು ಸೆಕೆಂಡಿಗೆ ಕತ್ತರಿಸಿದರೆ ಉಳಿಯುವುದು ಒರಟು ತುಂಡು, ಆಮೇಲೆ ನುಣುಪು ತುಂಡು. ನೋಡಿದವರು ಕಬ್ಬಿಣ ತಾನಾಗಿಯೇ ಸಮವಾಗುತ್ತದೆಂದು ತಿಳಿಯುತ್ತಾರೆ.

ಹತ್ತೂಕಾಲಿಗೆ ಸ್ಟಾಪ್‌ವಾಚ್, ರೂಲು ಹಾಕಿದ ಪುಸ್ತಕ, ಪೆನ್ಸಿಲ್ ತೆಗೆದು ಗೆಳೆಯನ ಪಾಠದ ಮುಂದೆ ಕುಳಿತೆ. ಪ್ರತಿ ಕಟ್ಟಿಗೂ ಒಂದು ಗೀಟು.

"ಓಟ್ ಎಣಿಸ್ತಿದೀರಾ?" ಎಂದ ಗೆಳೆಯ. "ಒಟ್ಟೆಕಿಚ್ಚು ಕಣಮ್ಮ ಇವರಿಗೆ. ಇಂಗೇ ಇರ್ತಾರೆ."

"ಬಾಯಿ ಮುಚ್ಚಯ್ಯಾ, ಲೆಕ್ಕ ತಪ್ಪುತ್ತೆ."

ತಪ್ಪುವಷ್ಟು ಲೆಕ್ಕವೇ ಇರಲಿಲ್ಲ. ಇಪ್ಪತ್ತೈದು ನಿಮಿಷ ಮುಗಿದಾಗ ಪುಸ್ತಕದಲ್ಲಿ ಎಂಟು ಗೀಟುಗಳಿದ್ದವು. ಎಂಟು ಕಟ್ ಎಂದರೆ ಒಂಬತ್ತು ಶಾಟ್. ಉಳಿದ ಇನ್ನೂರ ತೊಂಬತ್ತೊಂದು ಎಲ್ಲಿಂದ ಬಂದವು?

ಹೆಣ್ಣುಮಗಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು, ಒಂದು ಗುಂಡಿ ಒತ್ತಿದಳು. ಸಾಫ್ಟ್‌ವೇರ್ ಪ್ರತಿ ಶಾಟಿಗೂ ಒಂದೊಂದು ಚಿತ್ರ ತೆಗೆದಿಟ್ಟಿರುತ್ತದಂತೆ. ಮುನ್ನೂರು ಚಿತ್ರ ಸಾಲಾಗಿ ಬಂದವು. ಹೆಚ್ಚಿನವುಗಳಲ್ಲಿ ಇದ್ದದ್ದು ವೆಲ್ಡಿಂಗ್ ಹೆಲ್ಮೆಟ್ ತೊಟ್ಟು ಬಗ್ಗಿದ ಗೆಳೆಯ. ಒಂದರಲ್ಲಿ ಕಪ್ಪಗೆ, ಮುಂದಿನದರಲ್ಲಿ ಬೆಳ್ಳಗೆ, ಅದರ ಮುಂದಿನದರಲ್ಲಿ ಮತ್ತೆ ಕಪ್ಪಗೆ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ ಸರ್, ಇವರು ರಾಡ್ ತಾಗಿಸಿದ ಕೂಡಲೇ ಕಿಡಿಗೆ ಪರದೆ ಬೆಳ್ಳಗಾಗತೈತಿ, ಅದೊಂದು ಕಟ್ ಅಂದೈತಿ. ರಾಡ್ ಎತ್ತಿದ ಕೂಡಲೇ ಕತ್ತಲಾಗತೈತಿ, ಅದು ಇನ್ನೊಂದು. ಬರೇ ಬೆಳಕು ರೀ! ಚಿತ್ರ ಬದಲಾಗೇ ಇಲ್ಲ."

"ಅಂದ್ರೆ ನಾನ್ ಫಸ್ಟ್ ಅಲ್ವಾ?" ಎಂದ ಗೆಳೆಯ.

"ಫಸ್ಟ್ ಬಂದಿರೋದು ನಿನ್ನ ರಾಡು," ಎಂದೆ.

ಅವಳು ಕೂಡಲೇ ಸರಿಪಡಿಸಲು ಕುಳಿತಳು. ಬೆಳಕಿನ ಬದಲಾವಣೆಗೆ ಸಾಫ್ಟ್‌ವೇರ್ ಕೊಡುವ ಮಹತ್ವ ಇಳಿಸಿದಳು. ಮಿಂಚು ಬರುವ ಮೊದಲಿನ ಚಿತ್ರವನ್ನೂ ಹೋದ ಮೇಲಿನ ಚಿತ್ರವನ್ನೂ ಪಕ್ಕದಲ್ಲಿಟ್ಟು, ಎರಡೂ ಒಂದೇ ಇದ್ದರೆ ಅದನ್ನು ಕಟ್ ಎಂದು ಎಣಿಸಬಾರದೆಂದು ನಿಯಮ ಹಾಕಿದಳು. ಹನ್ನೆರಡೂಕಾಲಿಗೆ ಹೊಸ ಪಟ್ಟಿ ಬಂತು. ಒಂಬತ್ತು ಶಾಟ್, ಸರಾಸರಿ ಎರಡು ನಿಮಿಷ ನಲವತ್ತಾರು ಸೆಕೆಂಡ್. ಗೆಳೆಯ ಕೈಕಟ್ಟಿ ನಿಂತು ರಾಡುಗಳ ಜಾತಿ ವಿವರಿಸುವ ಒಂದೇ ಶಾಟ್ ಹನ್ನೊಂದು ನಿಮಿಷ. ಅದೂ ಈಗ ಕೆಂಪು.

ಆದರೆ ನನ್ನ ಶಾಟ್ ಕೆಂಪಾಗಿಯೇ ಉಳಿದಿತ್ತು. ಗೆಳೆಯ ಬಿದ್ದ ಮಾತ್ರಕ್ಕೆ ನಾನು ಎದ್ದ ಹಾಗಾಗಲಿಲ್ಲ.

"ಉದ್ದ ಶಾಟ್ ಅಂದ್ರ ನಿಧಾನ ಅಂತ ಇದು ಹೇಳಂಗಿಲ್ಲ ಸರ್," ಎಂದಳು ಅವಳು, ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತ. "ಇಲ್ಲಿ ನೋಡ್ರಿ ಅಂತ ಬೆರಳು ತೋರಸತೈತಿ, ಅಷ್ಟ. ಶಾಟಿನ ಒಳಗ ಎಷ್ಟು ಅಲುಗಾಟ ಐತಿ, ಎಷ್ಟು ಹೊತ್ತು ಸದ್ದಿಲ್ಲ, ಅದನ್ನೂ ಅಳೀಬೇಕು. ಊಟ ಮುಗಿಸಿ ಅಳೆಯೋಣ್ರಿ."

ಒಂದು ಗಂಟೆಗೆ ಊಟ. ಜೋಳದ ರೊಟ್ಟಿ ಅವಳದು, ಮುದ್ದೆ ಗೆಳೆಯನದು, ಚಪಾತಿ ನನ್ನದು. ಒಂದೂವರೆಗೆ ಮತ್ತೆ ಕೆಲಸ.

ಪರದೆಯ ಮೇಲೆ ಎರಡು ಗೆರೆಗಳು ಮೂಡಿದವು: ಮೇಲಿನದು ಅಲುಗಾಟ, ಕೆಳಗಿನದು ಸದ್ದು. ಅರ ಉಜ್ಜುವ ಆರು ನಿಮಿಷ ನಲವತ್ತು ಸೆಕೆಂಡು ಎರಡೂ ಗೆರೆಗಳು ಗರಗಸದ ಹಲ್ಲಿನಂತೆ ಏರಿಳಿಯುತ್ತಿದ್ದವು. ನನ್ನ ಎದೆ ಉಬ್ಬಿತು.

"ಇದೇನಿದು?" ಎಂದ ಗೆಳೆಯ, ಪಾಠದ ಆರಂಭಕ್ಕೆ ಬೆರಳಿಟ್ಟು. ಅಲ್ಲಿ ಎರಡೂ ಗೆರೆಗಳು ನೆಲಕ್ಕೆ ಒರಗಿ ಮಲಗಿದ್ದವು. ಮೂರು ನಿಮಿಷ.

ಅದು ನನ್ನ ಉಪಕರಣ ತಪಾಸಣೆ. ಪ್ರತಿ ಪಾಠದ ಆರಂಭದಲ್ಲಿ ಹನ್ನೆರಡು ಉಪಕರಣಗಳನ್ನು ಮೇಜಿನ ಮೇಲೆ ಎಡದಿಂದ ಬಲಕ್ಕೆ ಜೋಡಿಸಿ, ಕೈ ಹಿಂದೆ ಕಟ್ಟಿ, ಮಾತಿಲ್ಲದೆ ಒಂದೊಂದನ್ನೂ ಕಣ್ಣಲ್ಲೇ ಪರೀಕ್ಷಿಸುತ್ತೇನೆ. ಅಲುಗುವುದು ನನ್ನ ಕಣ್ಣು ಮಾತ್ರ. ಅವಳು ನನ್ನ ಉಳಿದ ಪಾಠಗಳನ್ನೂ ತೆರೆದಳು. ಹನ್ನೆರಡು ಪಾಠ, ಹನ್ನೆರಡರಲ್ಲೂ ಅದೇ ಮೂರು ನಿಮಿಷ.

"ಕರೆಂಟ್ ಓಗಿತ್ತಾ?" ಎಂದ ಗೆಳೆಯ.

ಆಗ ನನಗೆ ಹಿಂದಿನ ಭಾನುವಾರ ನೆನಪಾಯಿತು. ಮನೆಯ ಟಿವಿಯಲ್ಲಿ ಈ ಪಾಠವನ್ನು ಹೆಂಡತಿಗೆ ತೋರಿಸಿದ್ದೆ. ಒಂದು ನಿಮಿಷ ನೋಡಿ ಅವಳು ಎದ್ದು ಹೋಗಿ ವೈಫೈ ಡಬ್ಬಿಯನ್ನು ಆರಿಸಿ ಹಾಕಿದಳು. "ಸಿಕ್ಕಾಕ್ಕೊಂಡಿದೆ ಕಣ್ರೀ," ಎಂದಿದ್ದಳು. ಅಲ್ಲ, ಅದು ನಾನು ಎಂದು ವಿವರಿಸಲು ಸ್ವಲ್ಪ ಹೊತ್ತು ಹಿಡಿದಿತ್ತು. ಅಂದೇ ನನಗೆ ತಿಳಿಯಬೇಕಿತ್ತು.

"ಕತ್ತರಿಸಮ್ಮ," ಎಂದೆ. "ಹತ್ತು ಸೆಕೆಂಡ್ ಇಡು. ಹನ್ನೆರಡು ಪಾಠದಲ್ಲೂ."

"ನಂದೂ ಕತ್ತರಿಸು," ಎಂದ ಗೆಳೆಯ. "ಆ ಅನ್ನೊಂದು ನಿಮಿಷಾನ ಅಣ್ತಮ್ಮಂದ್ರು ಒಲ ಪಾಲ್ ಮಾಡ್ಕೊಂಡಂಗೆ ಮಾಡು. ತುಂಡ್ ತುಂಡು."

ಮೂರು ಗಂಟೆಗೆ ಸರಿಯಾಗಿ ಮುಖ್ಯಸ್ಥರು ಬಂದರು. ಕಪ್ಪು ಬಿಳುಪಿನ ಮುನ್ನೂರು ಹೆಲ್ಮೆಟ್ ನೋಡಿ, ಬೆಳಿಗ್ಗೆ ಕುಲುಕಿದ ಕೈಯನ್ನು ಜೇಬಿಗೆ ಹಾಕಿಕೊಂಡರು. ಆದರೂ ನನ್ನ ಶಾಟಿನ ಬಗ್ಗೆ, "ಆರೂ ಮುಕ್ಕಾಲು ನಿಮಿಷ ಯಾರು ನೋಡ್ತಾರೆ ಸಾರ್?" ಎಂದರು.

"ನೀವು ನೋಡಿ," ಎಂದೆ. "ಮೂರು ಗಂಟೆ ಐದು ನಿಮಿಷ. ಮೂರು ಹನ್ನೆರಡಕ್ಕೆ ಮುಗಿಯುತ್ತೆ."

ಕುಳಿತರು. ಮೊದಲ ನಿಮಿಷ ಕಣ್ಣು ಫೋನಿನ ಮೇಲಿತ್ತು. ಎರಡನೇ ನಿಮಿಷ ಅರ್ಧ ಇತ್ತ, ಅರ್ಧ ಅತ್ತ. ಮೂರನೇ ನಿಮಿಷದಲ್ಲಿ ನಾನು ಟ್ರೈ ಸ್ಕ್ವೇರ್ ಎತ್ತಿ ಬೆಳಕಿಗೆ ಹಿಡಿದಾಗ ಅವರು ಮುಂದಕ್ಕೆ ಬಗ್ಗಿದರು.

"ಅಯ್ಯೋ, ಕೆಟ್ಟೋಯ್ತಲ್ಲ ಸಾರ್! ಎರಡೂ ಕಡೆ ಬೆಳಕು ಬರ್ತಿದೆ!"

ಫೋನು ಒಮ್ಮೆ ಬಡಿದುಕೊಂಡಿತು, ಅವರು ನೋಡದೆಯೇ ಮಗುಚಿ ಇಟ್ಟರು. ಬೆಳಕು ಪೂರ್ತಿ ಮುಚ್ಚುವವರೆಗೂ ಅವರ ಬಲಗೈ ತೊಡೆಯ ಮೇಲೆ ಸಣ್ಣಗೆ ಹಿಂದೆ ಮುಂದೆ ಆಡುತ್ತಿತ್ತು.

"ಇದನ್ನ ಮುಟ್ಟಬೇಡಿ," ಎಂದು ಎದ್ದರು. ಬಾಗಿಲಲ್ಲಿ ತಿರುಗಿ, "ತೊಂಬತ್ತು ಸೆಕೆಂಡಿನ ನಿಯಮಾನೂ ತೆಗೀರಿ. ಕೆಂಪು ಬಂದದ್ದನ್ನ ನೋಡಿ ಆಮೇಲೆ ಕತ್ತರಿಸಿ," ಎಂದರು.

ಮೂರು ಐವತ್ತೆರಡಕ್ಕೆ ಕೊನೆಯ ಫೈಲ್ ಹೋಯಿತು. ಹೆಣ್ಣುಮಗಳು ಕಂಪ್ಯೂಟರ್ ಆರಿಸಿ, "ಹೋಗಿ ಬರ್ತೀನ್ರಿ ಸರ್," ಎಂದು ಬಸ್ಸಿಗೆ ಓಡಿದಳು. ನಾನು ಕೆಳಗೆ ವರ್ಕ್‌ಶಾಪಿಗೆ ಇಳಿದೆ. ಮರುದಿನ ಹೊಸ ತಂಡ ಬರುತ್ತದೆ. ಹನ್ನೆರಡು ಉಪಕರಣಗಳನ್ನು ಎಡದಿಂದ ಬಲಕ್ಕೆ ಜೋಡಿಸಿ, ಕೈ ಹಿಂದೆ ಕಟ್ಟಿ ನಿಂತೆ.

ಗೆಳೆಯ ಹೊರಗೆ ಸ್ಕೂಟರ್ ಚಾಲೂ ಮಾಡಿಕೊಂಡು ಕಾಯುತ್ತಿದ್ದ. ಒಮ್ಮೆ ಹಾರ್ನ್ ಮಾಡಿದ. ಎರಡನೇ ಸಲ ಮಾಡಿದ. ಮೂರನೇ ಸಲ ಕಿಟಕಿಗೆ ಮುಖವಿಟ್ಟು, "ಗುರುಗಳೇ, ಅಲುಗಾಡಿ ಸ್ವಲ್ಪ! ಬದುಕಿದೀರಾ ಅಂತ ಗೊತ್ತಾಗ್ಲಿ!" ಎಂದ.

ಹನ್ನೆರಡನೆಯದು ಟ್ರೈ ಸ್ಕ್ವೇರ್. ಅದರ ಅಂಚಿನಲ್ಲಿ ಒಂದು ಕಣ ಕಬ್ಬಿಣದ ಪುಡಿ ಇತ್ತು. ಒರೆಸಿ, ಎಣ್ಣೆ ಸವರಿ, ಜಾಗಕ್ಕಿಟ್ಟೆ. ಬೀಗ ಹಾಕಿದಾಗ ನಾಲ್ಕು ಗಂಟೆ ಎರಡು ನಿಮಿಷ.