ಸ್ವಭಾವೋಕ್ತಿಯ ಸಾಕ್ಷಿ

ನಮ್ಮ ಬೀದಿಯ ಉಪಮೆ ಮೇಷ್ಟ್ರು ಕಾಲೇಜಿನಲ್ಲಿ ಅಲಂಕಾರಶಾಸ್ತ್ರದ ಪಾಠ ಮಾಡುವಾಗ ಗೋಡೆಯ ಹಲ್ಲಿಗಳು ಕೂಡ ನೊಣ ಹಿಡಿಯುವುದನ್ನು ಬಿಟ್ಟು ಕೇಳುತ್ತಿದ್ದವು. ಇದರಿಂದ ಆ ಕೋಣೆಯಲ್ಲಿ ನೊಣಗಳ ಕಾಟ ವಿಪರೀತವಾಯಿತೆಂದು ಜವಾನ ದೂರು ಕೊಟ್ಟದ್ದೂ ಉಂಟು. ‘ಉಪಮೆ’ ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಸಂಬಳದ ಗುಮಾಸ್ತನ ಹೊರತು ಯಾರಿಗೂ ನೆನಪಿರಲಿಲ್ಲ.

ನಿವೃತ್ತರಾದ ಮೇಲೆ ಪಾಠ ಬೀದಿಗೆ ಇಳಿಯಿತು. ತರಕಾರಿಯವಳು ‘ಬದನೆಕಾಯಿ ಬೆಣ್ಣೆ ಥರ ಇದೆ, ತಗೊಳ್ಳಿ’ ಎಂದರೆ ಮೇಷ್ಟ್ರು ಚೀಲವನ್ನು ನೆಲಕ್ಕಿಡುತ್ತಿದ್ದರು.

‘ಬದನೆಕಾಯಿ ಉಪಮೇಯ, ಬೆಣ್ಣೆ ಉಪಮಾನ, ಥರ ಅನ್ನೋದು ವಾಚಕ. ಎರಡಕ್ಕೂ ಸಮಾನವಾದ ಧರ್ಮ ಎಲ್ಲಮ್ಮ? ಬಿಳುಪೋ, ಮೃದುವೋ?’

‘ಎಳೇದು ಅಂತ ಹೇಳಿದ್ದು ಸ್ವಾಮಿ.’

‘ಅದನ್ನ ಬಾಯಿಬಿಟ್ಟು ಹೇಳಲಿಲ್ಲವಲ್ಲ. ಒಂದು ಅಂಗ ಲೋಪ. ಇದು ಲುಪ್ತೋಪಮೆ.’

‘ಲೋಪಗೀಪ ನನ್ನ ತಕ್ಕಡೀಲಿಲ್ಲ. ಬೇಕಾದ್ರೆ ತೂಗಿ ನೋಡ್ಕೊಳ್ಳಿ. ಬೆಣ್ಣೆನೇ ಇದು.’

‘ಈಗ ರೂಪಕವಾಯ್ತು ನೋಡು. ಥರ ಹೋಯ್ತು, ಎರಡೂ ಒಂದೇ ಆಯ್ತು.’

ಅಷ್ಟರಲ್ಲಿ ಹಿಂದೆ ನಿಂತ ಗಿರಾಕಿಗಳ ಕೂದಲು ನೆರೆತು, ಬದನೆಕಾಯಿ ಬಲಿತು, ಬೀಜ ಮೊಳೆತು ಹೊಸ ಗಿಡವೇ ಬರುತ್ತಿತ್ತು.

ನಗುವವರು ನಗಲಿ, ಮೇಷ್ಟ್ರಿಗೆ ಅದು ಆಟವಾಗಿರಲಿಲ್ಲ. ‘ಅಲಂ ಅಂದ್ರೆ ಸಾಕು. ಸಾಲದ ಮಾತನ್ನ ಸಾಕು ಅನ್ನಿಸೋ ಹಾಗೆ ಮಾಡೋದೇ ಅಲಂಕಾರ. ಬಳೆ, ಸರದ ಹಾಗೆ ಹೊರಗಿಂದ ತೊಡಿಸೋದು ಅಂತ ಕೆಲವರು ಅಂದರು. ಆಮೇಲೆ ಅವರೇ, ಒಳಗೆ ರಸ ಇಲ್ಲದಿದ್ರೆ ಹೆಣಕ್ಕೆ ಒಡವೆ ಹಾಕಿದ ಹಾಗೆ ಅಂತ ಒಪ್ಪಿಕೊಂಡರು’ ಎನ್ನುತ್ತಿದ್ದರು.

ಅವರಿಗೊಬ್ಬ ಹಗೆಯಿದ್ದ. ಅದೇ ಕಾಲೇಜಿನ ಇನ್ನೊಬ್ಬ ಪಂಡಿತ. ಜಗಳ ಮನೆಯ ಗೋಡೆಯದಲ್ಲ, ಬಡ್ತಿಯದಲ್ಲ. ಇದ್ದದ್ದನ್ನು ಇದ್ದ ಹಾಗೆ, ಕಣ್ಣಿಗೆ ಕಟ್ಟುವಂತೆ ಹೇಳುವ ಸ್ವಭಾವೋಕ್ತಿ ಎಂಬುದು ಅಲಂಕಾರವೋ ಅಲ್ಲವೋ ಎಂಬುದು. ಪಂಡಿತರ ಮಾತು ಇದು: ‘ವಸ್ತುವಿನ ಸ್ವಭಾವ ಅನ್ನೋದು ಮೈ. ಮೈಯೇ ಒಡವೆ ಆದ್ರೆ ಅದನ್ನ ತೊಡೋರು ಯಾರು? ಅದು ಅಲಂಕಾರ ಅಲ್ಲ, ಅಲಂಕಾರ ಮಾಡಿಸಿಕೊಳ್ಳೋ ವಸ್ತು.’ ಮೇಷ್ಟ್ರು ಬಿಡುವವರಲ್ಲ: ‘ಹಸು ಹುಲ್ಲು ತಿಂತು ಅನ್ನೋದು ವಾರ್ತೆ, ಅದನ್ನ ಯಾರಾದ್ರೂ ಹೇಳ್ತಾರೆ. ಹುಲ್ಲು ತಿನ್ನೋವಾಗ ಕರು ಹತ್ತಿರ ಬಂತು ಅಂತ ಬಾಯಾಡಿಸೋದು ನಿಲ್ಲಿಸಿ, ಒಂದು ಕಿವಿ ಮಾತ್ರ ಆ ಕಡೆ ತಿರುಗಿಸ್ತು ಅನ್ನು. ಆಗ ಅದು ಸ್ವಭಾವೋಕ್ತಿ. ಎಲ್ಲರ ಕಣ್ಣೆದುರಿಗೂ ಇದ್ದು ಯಾರಿಗೂ ಕಾಣದೇ ಇದ್ದದ್ದು ಅದು. ಅಲಂಕಾರಗಳಲ್ಲಿ ಮೊದಲನೇದು.’ ಇಷ್ಟಕ್ಕೇ ಇಬ್ಬರೂ ಮಾತು ಬಿಟ್ಟರು. ಸ್ಟಾಫ್ ರೂಮಿನ ಗಡಿಯಾರ ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ನಿಂತುಹೋಯಿತು.

ಇನ್ನು ಮೇಷ್ಟ್ರ ತಂಗಿಯ ಗಂಡ. ನಮ್ಮ ಬೀದಿಯಲ್ಲೇ, ಮೇಷ್ಟ್ರ ಮಹಡಿಯ ಕಿಟಕಿಗೆ ನೇರ ಎದುರಿಗೆ ಅವನ ಟೈಲರ್ ಅಂಗಡಿ. ಅಳತೆಯಲ್ಲಿ ಎಷ್ಟು ನಿಖರವೆಂದರೆ, ಅವನು ಹೊಲಿದ ಅಂಗಿ ತೊಟ್ಟವನು ದಪ್ಪಗಾಗಲು ಹೆದರುತ್ತಿದ್ದ. ಅಂಗಡಿಯ ಒಳಗೆ ಕತ್ತಲೆ. ದಾರದ ಬಣ್ಣ ಬಟ್ಟೆಗೆ ಹೊಂದುತ್ತದೆಯೇ ಎಂದು ನೋಡಲು ಅವನು ಆಗಾಗ ಫುಟ್‌ಪಾತಿನ ಬೆಳಕಿಗೆ ಬಂದು ನಿಲ್ಲುತ್ತಿದ್ದ. ಒಂದು ಬೆಳಿಗ್ಗೆ ಹಾಗೆ ನಿಂತಿದ್ದಾಗ ಹಾಲಿನ ಕಂಪನಿಯ ವ್ಯಾನು ಫುಟ್‌ಪಾತನ್ನೇ ಹತ್ತಿ ಬಂದು ಅವನಿಗೆ ಬಡಿದು, ರಸ್ತೆಯ ನಡುವಿಗೆ ಎಳೆದು ಹಾಕಿತು. ಆಸ್ಪತ್ರೆ ತಲುಪುವ ಮುಂಚೆಯೇ ಮುಗಿದಿತ್ತು.

ಕಂಪನಿಯವರು ಹೇಳಿದ್ದು ಬೇರೆ: ಬಟ್ಟೆಯನ್ನು ಬಿಸಿಲಿಗೆ ಹಿಡಿಯಲು ಅವನೇ ರಸ್ತೆಗಿಳಿದ, ನೋಡದೆ ಅಡ್ಡ ಬಂದ. ನೋಡಿದವರು ಒಬ್ಬರೇ, ಕಿಟಕಿಯಲ್ಲಿದ್ದ ಮೇಷ್ಟ್ರು.

ಅವರು ಆ ಹೊತ್ತೇ ಪೊಲೀಸರ ಮುಂದೆ ಹೇಳಿಕೆ ಕೊಟ್ಟರು. ದುಃಖದಲ್ಲಿ ಮನುಷ್ಯ ತನಗೆ ಗೊತ್ತಿರುವ ಭಾಷೆಯನ್ನೇ ಆಡುತ್ತಾನೆ. ಅವರು ಆಡಿದ್ದು ಇಷ್ಟು: ‘ರಸ್ತೆ ಕೈ ಚಾಚಿ ಅವನನ್ನ ಎಳ್ಕೊಂಡ್ತು.’ ಪೇದೆಗೆ ಅದು ಬಹಳ ಹಿಡಿಸಿತು. ಒಂದಕ್ಷರ ಬದಲಿಸದೆ ಬರೆದುಕೊಂಡ.

ಕೇಸು ಕೋರ್ಟಿಗೆ ಬಂತು. ಸಾಕ್ಷಿ ಹೇಳುವ ಹಿಂದಿನ ಸಂಜೆ ತಂಗಿ ಮಹಡಿ ಹತ್ತಿ ಬಂದಳು.

‘ಅಣ್ಣ, ಪರಿಹಾರ ಕೊಡ್ತಾರೋ ಬಿಡ್ತಾರೋ, ಅದು ಆಮೇಲಿನ ಮಾತು. ತಪ್ಪು ನಮ್ಮನೆಯವರದ್ದಲ್ಲ ಅಂತ ಕೋರ್ಟು ಹೇಳಬೇಕು. ನನ್ನ ಮಕ್ಕಳು ಈ ಬೀದೀಲೇ ಓಡಾಡಬೇಕು.’

‘ಹೇಳಿಸ್ತೀನಿ.’

‘ನೀನು ಏನೂ ಹೇಳಿಸಬೇಡ. ನಡೆದದ್ದು ಹೇಳು. ಹದ್ದಿನ ಹಾಗೆ, ಬೆಂಕಿ ಚೆಂಡಿನ ಹಾಗೆ ಅಂತೆಲ್ಲ ಏನೂ ಬೇಡ.’

‘ಬರೀ ಸ್ವಭಾವ ಹೇಳ್ತೀನಿ.’

‘ಅದೆಂಥದ್ದೋ. ನಡೆದದ್ದು.’

ಆ ಕೋರ್ಟಿನ ಫ್ಯಾನು ಒಂದು ಸುತ್ತು ಮುಗಿಸುವಷ್ಟರಲ್ಲಿ ವಾದಿ, ಪ್ರತಿವಾದಿ ಇಬ್ಬರ ಮೊಮ್ಮಕ್ಕಳೂ ವಕೀಲಿ ಓದಿ ಬರಬಹುದಿತ್ತು. ಮೇಷ್ಟ್ರು ಕಟಕಟೆ ಹತ್ತಿದರು. ತಂಗಿಯ ಕಡೆಯ ವಕೀಲ ‘ಏನು ನೋಡಿದ್ರಿ?’ ಎಂದು ಕೇಳಿದ.

‘ಅವನ ಎಡಗೈಯಲ್ಲಿ ನೀಲಿ ಬಟ್ಟೆ. ಬಲಗೈಯಲ್ಲಿ ದಾರದ ಉಂಡೆ. ದಾರದ ತುದಿ ಹಲ್ಲಲ್ಲಿ ಕಚ್ಚಿ ಹಿಡಿದು ಎಳೆದಿದ್ದ, ಬಟ್ಟೆ ಮೇಲೆ ಅಡ್ಡ ಬರೋ ಹಾಗೆ. ಒಂದು ಕಣ್ಣು ಮುಚ್ಚಿದ್ದ. ಬಲಗಾಲಿನ ಚಪ್ಪಲಿ ಬಿಟ್ಟು, ಆ ಪಾದದಲ್ಲಿ ಎಡಗಾಲಿನ ಮೀನಖಂಡ ತುರಿಸ್ಕೊಳ್ತಾ ಒಂಟಿಕಾಲಲ್ಲಿ ನಿಂತಿದ್ದ. ವ್ಯಾನಿನ ಎಡಗಡೆ ಚಕ್ರ ಫುಟ್‌ಪಾತ್ ಹತ್ತಿತು. ಅವನು ತಿರುಗಲಿಲ್ಲ, ಕಾಲೂ ಇಳಿಸಲಿಲ್ಲ. ವ್ಯಾನು ಹೋದಮೇಲೆ ಬಲಗಾಲಿನ ಚಪ್ಪಲಿ ಬಿಟ್ಟ ಜಾಗದಲ್ಲೇ, ಫುಟ್‌ಪಾತ್ ಮೇಲೇ ಇತ್ತು, ಅದರ ತುದಿ ಅಂಗಡಿ ಕಡೆಗೆ.’

ನ್ಯಾಯಾಧೀಶರ ಪೆನ್ನು ನಿಂತಿತು. ಹಿಂದಿನ ಸಾಲಿನಲ್ಲಿ ಕೂತಿದ್ದ, ಬೇರೆ ಕೇಸಿನ ಜೇಬುಗಳ್ಳ ಕೂಡ ಕಣ್ಣೊರೆಸಿಕೊಂಡ. ಒಂಟಿಕಾಲಲ್ಲಿ ನಿಂತವನು ರಸ್ತೆಗೆ ನಡೆಯುವುದೆಂತು? ಕೇಸು ಗೆದ್ದೆವೆಂದೇ ನಾವು ತಿಳಿದೆವು.

ಕಂಪನಿಯ ವಕೀಲ ಎದ್ದು ಕೈಮುಗಿದ.

‘ನಾನು ನಿಮ್ಮ ಶಿಷ್ಯ, ಮೇಷ್ಟ್ರೇ.’

‘ಗೊತ್ತು. ಹಿಂದಿನ ಬೆಂಚು. ಯಾವಾಗ್ಲೂ ನಿದ್ದೆ.’

‘ಕಣ್ಣಿಗೆ ಮಾತ್ರ. ಕಿವಿ ಎಚ್ಚರವಾಗೇ ಇತ್ತು. ರಸ್ತೆ ಕೈ ಚಾಚಿ ಎಳ್ಕೊಂಡ್ತು ಅಂತ ಪೊಲೀಸರಿಗೆ ಹೇಳಿದ್ರಲ್ಲ, ಅಂದ್ರೆ ಅವರು ರಸ್ತೇಲಿದ್ರು ಅಂತ ತಾನೇ?’

‘ಅಲ್ಲಪ್ಪ. ಅದು ಉತ್ಪ್ರೇಕ್ಷೆ. ಎಳೆದದ್ದು ವ್ಯಾನು, ರಸ್ತೆಯೇ ಎಳ್ಕೊಂಡ್ತೋ ಏನೋ ಅಂತ ಸಂಭಾವನೆ ಮಾಡಿದೆ, ಅಂದ್ರೆ ಹಾಗಿರಬಹುದು ಅಂತ ಕಲ್ಪಿಸಿದೆ. ಆ “ಏನೋ” ಅನ್ನೋದನ್ನ ಹೇಳದೆ ಬಿಟ್ಟೆ. ಹಾಗೆ ಬಿಟ್ರೆ ಗಮ್ಯೋತ್ಪ್ರೇಕ್ಷೆ.’

‘ಹಗ್ಗ ನೋಡಿ ಹಾವು ಅನ್ನೋನಿಗೂ ಉತ್ಪ್ರೇಕ್ಷೆ ಮಾಡೋನಿಗೂ ಏನು ವ್ಯತ್ಯಾಸ?’

ಮೇಷ್ಟ್ರ ಮುಖ ಅರಳಿತು. ಅವರು ಕೋರ್ಟಿನಲ್ಲಿರಲಿಲ್ಲ, ತರಗತಿಯಲ್ಲಿದ್ದರು.

‘ಒಳ್ಳೇ ಪ್ರಶ್ನೆ. ಅವನದು ಭ್ರಾಂತಿ, ಅವನಿಗೆ ಹಗ್ಗ ಅಂತ ತಿಳೀದು. ಹಗ್ಗವೋ ಹಾವೋ ಅಂತ ತೂಗೋನದು ಸಂದೇಹ. ಉತ್ಪ್ರೇಕ್ಷೆ ಮಾಡೋನಿಗೆ ಹಗ್ಗ ಅಂತ ಚೆನ್ನಾಗಿ ಗೊತ್ತಿರುತ್ತೆ. ಗೊತ್ತಿದ್ದೂ, ಬೇಕಂತಲೇ ಹಾವು ಅಂತ ಕಲ್ಪಿಸ್ತಾನೆ.’

‘ಗೊತ್ತಿದ್ದೂ, ಬೇಕಂತಲೇ’ ಎಂದು ವಕೀಲ ನ್ಯಾಯಾಧೀಶರ ಕಡೆ ತಿರುಗಿ ನಿಧಾನವಾಗಿ ಹೇಳಿದ. ‘ಬರ್ಕೋಬೇಕು ಸ್ವಾಮಿ. ಸರಿ ಮೇಷ್ಟ್ರೇ. ಈಗ ಹೇಳಿದ್ರಲ್ಲ, ಚಪ್ಪಲಿ, ಮೀನಖಂಡ, ಹಲ್ಲಲ್ಲಿ ದಾರ. ಇದಕ್ಕೆ ಶಾಸ್ತ್ರದಲ್ಲಿ ಹೆಸರಿದೆಯಾ?’

‘ಇದೆ. ಸ್ವಭಾವೋಕ್ತಿ.’

‘ಸ್ವಭಾವೋಕ್ತಿ ಅಲಂಕಾರವೋ, ಅಲ್ಲವೋ?’

ತಂಗಿ ತಲೆಯೆತ್ತಿದಳು. ಅವಳ ವಕೀಲ ‘ಅಲ್ಲ ಅನ್ನಿ’ ಎಂದು ತಲೆಯಾಡಿಸಿದ ರಭಸಕ್ಕೆ ಕುತ್ತಿಗೆ ಕಳಚಿ ಬೀಳಬೇಕಿತ್ತು. ಅಲ್ಲ ಎಂದರೆ ಸಾಕಿತ್ತು. ಅರ್ಧ ಶಾಸ್ತ್ರವೇ ಅವರ ಬೆನ್ನಿಗೆ ನಿಲ್ಲುತ್ತಿತ್ತು. ಅದು ಬರೀ ವಸ್ತು, ಇದ್ದದ್ದು ಇದ್ದ ಹಾಗೆ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅದು ಆ ಪಂಡಿತರ ಪಕ್ಷ.

‘ನೋಡಪ್ಪ, ಅಲಂಕಾರ ಅಂದಮಾತ್ರಕ್ಕೆ ಸುಳ್ಳು ಅಂತ ಅಲ್ಲ. ಸ್ವಭಾವೋಕ್ತಿಗೆ ನಿಜವೇ ಜೀವ. ನಿಜ ಇಲ್ಲದಿದ್ರೆ ಅದು ಅಲಂಕಾರವೇ ಆಗಲ್ಲ...’

‘ಪಾಠ ಬೇಡ’ ಎಂದರು ನ್ಯಾಯಾಧೀಶರು. ‘ಅಲಂಕಾರ ಹೌದೋ ಅಲ್ಲವೋ, ಅಷ್ಟೇ ಹೇಳಿ.’

ಮೇಷ್ಟ್ರು ತಂಗಿಯ ಕಡೆ ನೋಡಿದರು. ಆಮೇಲೆ ಕಟಕಟೆಯ ಮರವನ್ನು ನೋಡಿದರು.

‘ಹೌದು’ ಎಂದರು.

ತೀರ್ಪಿನಲ್ಲಿ ಬಂದದ್ದು ಹೀಗೆ: ಸಾಕ್ಷಿಯ ಎರಡೂ ಹೇಳಿಕೆಗಳು ಅಲಂಕಾರಗಳೆಂದು ಆತನೇ ಒಪ್ಪಿರುವುದರಿಂದ ನಂಬಲರ್ಹವಲ್ಲ; ಮೃತನು ತಾನೇ ರಸ್ತೆಗಿಳಿದಿರುವ ಸಂಭವವಿದೆ. ಸಾಹಿತ್ಯವೆಂದರೆ ಮೂಗು ಮುರಿಯುವ ಕೋರ್ಟು, ‘ಸಂಭವವಿದೆ’ ಎಂಬ ಸಂಭಾವನೆಯೊಂದನ್ನು ಮಾತ್ರ ತಾನೂ ಮಾಡಿ ಮುಗಿಸಿತು.

ಮೆಟ್ಟಿಲ ಮೇಲೆ ತಂಗಿ ನಿಂತಳು.

‘ಅಲ್ಲ ಅಂದಿದ್ರೆ ಏನಾಗ್ತಿತ್ತು ಅಣ್ಣ?’

‘ಸುಳ್ಳು ಹೇಳ್ಬೇಕಿತ್ತಾ?’

‘ನಿನ್ನ ಶಾಸ್ತ್ರದಲ್ಲಿ ಸತ್ತಿದ್ದು ಯಾರ ಗಂಡ?’

‘ಅದಲ್ಲ ಕಣೆ, ಅವನು ಕೇಳಿದ ಪ್ರಶ್ನೆಗೆ...’

‘ಸಾಕು’ ಎಂದಳು. ಅದೇ ಅವಳು ಅಣ್ಣನೊಡನೆ ಆಡಿದ ಕೊನೆಯ ಮಾತು.

ಹಗೆಯ ಪಂಡಿತರು ಸುದ್ದಿ ಕೇಳಿ, ವರ್ಷಾನುಗಟ್ಟಲೆ ಆದಮೇಲೆ ಮಹಡಿ ಹತ್ತಿ ಬಂದರು. ನಾನೂ ಅಲ್ಲಿದ್ದೆ.

‘ನನ್ನ ಪಕ್ಷ ಹಿಡಿದಿದ್ರೆ ಗೆಲ್ತಿದ್ದೆಯಲ್ಲೋ ಮಾರಾಯ.’

‘ನಿಂದು ತಪ್ಪು ಪಕ್ಷ.’

‘ತಪ್ಪೇ ಇರಲಿ. ಒಂದು ದಿನದ ಮಟ್ಟಿಗೆ ಸಾಲ ಕೇಳಿದ್ರೆ ಕೊಡ್ತಿರಲಿಲ್ವಾ?’

ಮೇಷ್ಟ್ರು ಟೀ ಲೋಟವನ್ನು ಅವರ ಮುಂದಕ್ಕೆ ಸರಿಸಿದರು. ಪಂಡಿತರು ಟೀ ಕುಡಿಯದೆ ಹೋದರು.

ಅಂದಿನಿಂದ ಮೇಷ್ಟ್ರ ಬಾಯಿ ಬೋಳಾಯಿತು. ತರಕಾರಿಯವಳು ಪಾಪ, ಅವರನ್ನು ಮಾತಿಗೆಳೆಯಲೆಂದೇ ‘ಟೊಮೆಟೊ ಮಾಣಿಕ್ಯದ ಹಾಗಿದೆ ಸ್ವಾಮಿ, ಟೊಮೆಟೊನೇ ಅಲ್ಲ ಮಾಣಿಕ್ಯ, ಮಾಣಿಕ್ಯವೇ ಇದನ್ನ ನೋಡಿ ನಾಚಬೇಕು’ ಎಂದು ಇಡೀ ಶಾಸ್ತ್ರವನ್ನು ಒಂದೇ ಉಸಿರಿಗೆ ಸುರಿದಳು. ಮೇಷ್ಟ್ರು ‘ಅರ್ಧ ಕೆಜಿ’ ಎಂದರು.

ಈಗ ಅಂಗಡಿಯನ್ನು ತಂಗಿಯೇ ನಡೆಸುತ್ತಾಳೆ. ‘ನೋಡದೆ ರಸ್ತೆಗಿಳಿದವನ ಅಂಗಡಿ’ ಎಂದೇ ಜನ ಗುರುತು ಹೇಳುತ್ತಾರೆ. ಕೋರ್ಟು ಹೇಳಿದ್ದನ್ನು ಬೀದಿ ಬೇಗ ಕಲಿಯುತ್ತದೆ.

ಮೊನ್ನೆ ಮೇಷ್ಟ್ರಿಗೆ ಜ್ವರವೆಂದು ನೋಡಲು ಹೋಗಿದ್ದೆ. ಕಿಟಕಿಯ ಬಳಿ ಕುರ್ಚಿ ಹಾಕಿ ಕೂತಿದ್ದರು. ಎದುರಿಗೆ ತಂಗಿ ಫುಟ್‌ಪಾತಿಗೆ ಬಂದಳು. ಹಲ್ಲಲ್ಲಿ ದಾರ ಕಚ್ಚಿ, ಬಟ್ಟೆಯ ಮೇಲೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿದಳು. ಗಂಡ ನಿಲ್ಲುತ್ತಿದ್ದ ಜಾಗವೇ. ಆದರೆ ಬೆನ್ನನ್ನು ಅಂಗಡಿಯ ಗೋಡೆಗೆ ಒತ್ತಿ ಒರಗಿ ನಿಂತಿದ್ದಳು, ಗಾಡಿಯ ಸದ್ದಾದಾಗಲೆಲ್ಲ ಹಿಮ್ಮಡಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ನನಗೇ ಕಂಡದ್ದು ಅವರಿಗೆ ಕಾಣದೇ ಇರುತ್ತದೆಯೇ?

‘ಏನು ನೋಡ್ತಿದ್ದೀರಿ ಮೇಷ್ಟ್ರೇ?’ ಎಂದೆ.

ಅವರ ತುಟಿ ಅಲುಗಿತು. ಏನೋ ಬಂದು, ಬಾಗಿಲಲ್ಲಿ ನಿಂತು, ಹಿಂದಕ್ಕೆ ಹೋಯಿತು.

‘ಯಾರೋ ದಾರ ನೋಡ್ತಿದ್ದಾರೆ’ ಎಂದರು. ಎದ್ದು ಕಿಟಕಿ ಹಾಕಿದರು.