ನಲವತ್ತು ಪುಟ ಒಂದೇ ಹಾಳೆಗೆ ಇಳಿದದ್ದು

ಲೆಕ್ಕದ ಮೇಷ್ಟ್ರ ಜೊತೆ ನಾನು ಜಗಳವಾಡಿದ್ದನ್ನು ಹುಣಸೂರಿನಲ್ಲಿ ಕೆಲವರು ಇನ್ನೂ ಹೇಳಿಕೊಂಡು ನಗುತ್ತಾರೆ. ನಗಲಿ. ಅವರು ಹೇಳುವುದು ಜಗಳದ ಕತೆ, ನಾನು ಬರೆಯುತ್ತಿರುವುದು ನನ್ನ ಮೊಮ್ಮಗಳ ಹಾಳೆಯ ಕತೆ. ಬೇಗ ಹೇಳಿಬಿಡುವ ಆತುರಕ್ಕೆ ಅಕ್ಷರಗಳು ಓರೆಯಾಗುತ್ತವೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟ ಕೈ ಬೇರೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಕಳೆದಿತ್ತು. ಅಂತರಸಂತೆಯ ಕಡೆಯ ಕಾಡಿನಿಂದ ಮರದ ಡಿಪೋಗೆ ಗಾಡಿಯಲ್ಲಿ ದಿಮ್ಮಿ ಸಾಗಿಸುವ ಕೆಲಸ ಬಿಟ್ಟು ನಾನು ಊರಲ್ಲೇ ಇದ್ದೆ. ಮೊಮ್ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ನಮ್ಮ ಮನೆತನದಲ್ಲಿ ಅಷ್ಟು ದೂರ ಹೋದವರು ಗಂಡಸರಲ್ಲೂ ಇರಲಿಲ್ಲ. ಶಾಲೆಯವರು ಹೆಸರು ಕಳಿಸಿದರೆ ಮಾತ್ರ ದೊಡ್ಡ ಪರೀಕ್ಷೆಗೆ ಕೂರಬಹುದಿತ್ತು. ಯಾರ ಹೆಸರು ಕಳಿಸಬೇಕು ಎನ್ನುವುದರಲ್ಲಿ ಲೆಕ್ಕದ ಮೇಷ್ಟ್ರ ಮಾತೇ ಮಾತು.

ಅವರು ಗಾತ್ರದ ಪಾಠವನ್ನು ನಲವತ್ತು ಪುಟ ಬರೆಸಿದ್ದರು. ಒಂದಕ್ಷರ ಬಿಡದೆ ಬಾಯಿಪಾಠ ಮಾಡಬೇಕು ಎಂದು ಅಪ್ಪಣೆ. ನನ್ನ ಹುಡುಗಿ ಒಂದು ವಾರ ಆ ಪುಸ್ತಕದ ಜೊತೆ ಗುದ್ದಾಡಿದಳು. ಆಮೇಲೆ ಜಗಲಿಯ ಮೇಲೆ ದೊಡ್ಡದೊಂದು ಹಾಳೆ ಹರಡಿಕೊಂಡು, ಅಡಿಕೋಲು ಇಟ್ಟು, ಕೆಂಪು ಶಾಯಿಯಲ್ಲಿ ಚೌಕ ಎಳೆಯತೊಡಗಿದಳು. ಒಂದೊಂದು ಚೌಕದೊಳಗೆ ಒಂದೊಂದು ಸೂತ್ರ. ದುಂಡು ಕಂಬದಂಥ ಉರುಳೆಗೆ ಒಂದು, ಶಂಕುವಿಗೆ ಒಂದು, ಗೋಳಕ್ಕೆ ಒಂದು. ಚೌಕದ ಪಕ್ಕದಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಎಚ್ಚರಿಕೆಗಳು: "ವ್ಯಾಸ ಕೊಟ್ಟರೆ ಮೊದಲು ಅರ್ಧ ಮಾಡು." "ಅಂಗುಲ ಅಡಿ ಬೆರೆಸಬೇಡ." "ಚದರ ಅಡಿಗೆ 144, ಘನ ಅಡಿಗೆ 1728."

"ಶಂಕು ಅಂದ್ರೆ ಉರುಳೆಯ ಮೂರರಲ್ಲಿ ಒಂದು ಪಾಲು ಅಂತ ಬರ್ದಿದ್ದೀಯ. ಯಾಕೆ ಅನ್ನೋದು ಎಲ್ಲವ್ವಾ?" ಅಂದೆ.

"ಯಾಕೆ ಅನ್ನೋದು ನಂಗೆ ಗೊತ್ತದೆ ಕಣ್ ತಾತ. ಗೊತ್ತಿರೋದನ್ನ ಬರ್ದು ಜಾಗ ಯಾಕೆ ಹಾಳು ಮಾಡ್ಲಿ? ಯಾವುದು ಮರ್ತೋದ್ರೆ ಲೆಕ್ಕ ಕೆಡ್ತದೋ ಅದಷ್ಟೇ ಇಲ್ಲಿ."

ಗೋಳ ಬರೆದಳು, ಅರ್ಧ ಗೋಳ ಬರೆಯಲಿಲ್ಲ. ಅರ್ಧ ಮಾಡಲು ಬರುವುದಿಲ್ಲವೇ, ಅಂದಳು. ಹೀಗೆ ನಲವತ್ತು ಪುಟ ಸೋಸಿ ಸೋಸಿ ಒಂದು ಹಾಳೆಗೆ ಬಂತು. ನಾನು ಅದನ್ನು ಬೀದಿಯಲ್ಲಿ ನಾಲ್ಕು ಜನರಿಗೆ ತೋರಿಸಿ ಬಂದೆ. ನನ್ನದೇ ತಪ್ಪು. ಸುದ್ದಿ ಶಾಲೆಗೆ ಹೋಯಿತು.

ಮಾರನೆಯ ದಿನ ಮೇಷ್ಟ್ರು ಅವಳ ಪುಸ್ತಕದೊಳಗಿಂದ ಹಾಳೆ ಎಳೆದುಕೊಂಡು, ಇದು ಕಾಪಿ ಚೀಟಿ, ನಿನ್ನ ಹೆಸರು ಕಳಿಸುವುದಿಲ್ಲ ಅಂದರಂತೆ. ಹುಡುಗಿ ಅಳಲಿಲ್ಲ. ಮನೆಗೆ ಬಂದು ವಿಷಯ ಹೇಳಿ ನೀರು ಕುಡಿದಳು. ಅಷ್ಟಕ್ಕೇ ನನಗೆ ಮೈ ಉರಿದುಹೋಯಿತು. ಅವಳನ್ನು ಕರೆದುಕೊಂಡು ನೇರ ಶಾಲೆಗೆ ನಡೆದೆ.

ಮೇಷ್ಟ್ರುಗಳ ಕೋಣೆಯಲ್ಲಿ ಇನ್ನಿಬ್ಬರು ಮೇಷ್ಟ್ರು ಕಾಫಿ ಕುಡಿಯುತ್ತಿದ್ದರು. ನಮ್ಮ ಲೆಕ್ಕದ ಮೇಷ್ಟ್ರು ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದರು.

"ಯಜಮಾನ್ರೇ, ಚಪ್ಪಲಿ ಆಚೆ ಬಿಡಿ," ಅಂದರು, ತಲೆ ಎತ್ತದೆ.

"ಬುಟ್ಟೇ ಬಂದಿವ್ನಿ. ಮಗು ಹೆಸ್ರು ಯಾಕ್ರೀ ಬುಟ್ರಿ?"

"ಕಳ್ಳತನ ಮಾಡೋರ ಹೆಸರು ಕಳಿಸೋ ಪದ್ಧತಿ ನಮ್ಮ ಶಾಲೇಲಿಲ್ಲ."

"ಚೀಟಿ ಅಂದ್ರೆ ಮುಷ್ಟೀಲಿ ಅಡಗ್ಬೇಕು ಮೇಷ್ಟ್ರೇ. ಇದ್ರ ಮೇಲೆ ಊಟ ಬಡಿಸ್ಬೋದು, ಅಷ್ಟಗಲ ಅದೆ!"

ಕಾಫಿ ಕುಡಿಯುತ್ತಿದ್ದ ಒಬ್ಬರು ಕಿಸಕ್ಕೆಂದರು. ನಮ್ಮ ಮೇಷ್ಟ್ರ ಮುಖ ಕೆಂಪಾಯಿತು. "ಇಪ್ಪತ್ತು ವರ್ಷದಿಂದ ಈ ನೋಟ್ಸು ಬರೆಸ್ತಿದೀನಿ. ಇವಳು ಅದನ್ನ ಹಿಂಡಿ ಸಿಪ್ಪೆ ಮಾಡಿ ಬಿಸಾಕಿದಾಳೆ. ಇಷ್ಟೇ ಸಾಕಿದ್ರೆ ನಾನು ಯಾಕೆ ಬೇಕು?"

ಆಗ ನನಗೆ ಗೊತ್ತಾಯಿತು, ಅವರ ಹೊಟ್ಟೆಯುರಿ ಎಲ್ಲಿದೆ ಎಂದು. ಹೇಳಿಯೂ ಬಿಡುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಮುಂದೆ ಬಂದಳು.

"ಸಾರ್, ಹಾಳೆ ನೀವೇ ಇಟ್ಕೊಳ್ಳಿ. ನನಗೆ ಬೇಡ. ಒಂದು ಲೆಕ್ಕ ಕೊಡಿ."

ಅವರು ನಕ್ಕರು. ಒಳ್ಳೆಯ ನಗುವಲ್ಲ. "ಬರ್ಕೋ. ಒಂದು ದಿಮ್ಮಿ. ಹದಿನಾರು ಅಡಿ ಉದ್ದ, ಅರವತ್ತಾರು ಅಂಗುಲ ಸುತ್ತಳತೆ. ಗಾತ್ರ ಎಷ್ಟು?"

"ಡಿಪೋ ಲೆಕ್ಕವಾ ಸಾರ್, ಉರುಳೆ ಲೆಕ್ಕವಾ?"

"ಜಾರ್ಕೋಬೇಡ. ದಿಮ್ಮಿ ಒಂದೇ, ಲೆಕ್ಕಾನೂ ಒಂದೇ."

ಅವಳು ಮೇಜಿನ ತುದಿಯಲ್ಲಿ ನಿಂತೇ ಬರೆದಳು. ಸುತ್ತಳತೆಯಿಂದ ತ್ರಿಜ್ಯ ತೆಗೆದಳು, ಹತ್ತೂವರೆ ಅಂಗುಲ ಬಂತು. ಅಡಿ ಮಾಡಿಕೊಂಡಳು. "ಮೂವತ್ತೆಂಟೂವರೆ ಘನ ಅಡಿ, ಸಾರ್."

ನಾನು ಸುಮ್ಮನಿರಬೇಕಿತ್ತು. ಆದರೆ ದಿಮ್ಮಿಯ ಮಾತು ಬಂದರೆ ನನ್ನ ಬಾಯಿ ನನ್ನದಲ್ಲ. ಹದಿನಾರಡಿ ಉದ್ದ, ಐದೂವರೆ ಅಡಿ ಸುತ್ತಿನ ಮರ ಡಿಪೋದಲ್ಲಿ ಎಷ್ಟು ಬೀಳುತ್ತದೆ ಎಂದು ಅಳೆಯುವವರು ಕೂಗಿದ್ದನ್ನು ಎಷ್ಟು ಸಲ ಕೇಳಿಲ್ಲ! "ಅಲ್ಲ ಕಣವ್ವಾ! ಮೂವತ್ತೂ ಕಾಲು!" ಎಂದು ಅರಚಿಬಿಟ್ಟೆ.

ಮೇಷ್ಟ್ರು ಮೇಜು ಕುಟ್ಟಿದರು. "ನೋಡಿ! ಸ್ವಂತ ತಾತನೇ ತಪ್ಪು ಅಂತಾನೆ. ಮೂವತ್ತೂ ಕಾಲೇ ಸರಿ, ನನ್ನ ನೋಟ್ಸಿನಲ್ಲೇ ಇದೆ. ಒಂದು ಹಾಳೆಯ ಹಣೆಬರಹ ಇಷ್ಟೇ. ಇನ್ನು ನಡೀರಿ."

ನಾನೇ ಕೈಯಾರೆ ಮೊಮ್ಮಗಳ ಹೆಸರು ಅಳಿಸಿದೆ ಅನ್ನಿಸಿತು.

ಹುಡುಗಿ ಮಾತ್ರ ಹೊರಡಲಿಲ್ಲ. "ಮೂವತ್ತೂ ಕಾಲು ಬರೋದು ಮೂವತ್ತೊಂದನೇ ಪುಟದ ರೀತಿ ಮಾಡಿದ್ರೆ ಸಾರ್. ಸುತ್ತಳತೆಯ ಕಾಲು ಭಾಗವನ್ನ ಅದರಿಂದಲೇ ಗುಣಿಸಿ ಆಮೇಲೆ ಉದ್ದದಿಂದ ಗುಣಿಸೋದು. ಕುಯ್ದು ಚೌಕ ಮಾಡುವಾಗ ಹೊಟ್ಟು, ಹಲಗೆ ಚೂರು ಹೋಗ್ತದಲ್ಲ, ಅದಕ್ಕೆ ಡಿಪೋದಲ್ಲಿ ಕಡಿಮೆ ಹಿಡೀತಾರೆ. ಹನ್ನೆರಡನೇ ಪುಟದಲ್ಲಿ ಗುಂಡು ಮರವನ್ನ ಉರುಳೆ ಅಂತಲೇ ಮಾಡಿಸಿದೀರಿ. ಅದರಲ್ಲಿ ಮೂವತ್ತೆಂಟೂವರೆ. ಎರಡೂ ನೀವೇ ಬರೆಸಿದ್ದು. ಯಾವಾಗ ಯಾವುದು ಅಂತ ಬರೆಸಿಲ್ಲ. ಅಕ್ಕಪಕ್ಕ ಚೌಕ ಹಾಕಿದ ಮೇಲೆ ನನಗೆ ಕಂಡಿದ್ದು."

ಕಿಸಕ್ಕೆಂದಿದ್ದ ಕಾಫಿ ಮೇಷ್ಟ್ರು ಎದ್ದು ಬಂದು ಹಾಳೆಯ ಮೇಲೆ ಬಗ್ಗಿದರು. ಎರಡು ಕೆಂಪು ಚೌಕ, ನಡುವೆ ಒಂದು ಸಾಲು. ಗಟ್ಟಿಯಾಗಿ ಓದಿದರು: "ಡಿಪೋ ಅಂದರೆ ಕಾಲು ಸುತ್ತಳತೆ. ಉರುಳೆ ಅಂದರೆ ವೃತ್ತ. ಹೇಳದಿದ್ದರೆ ಕೇಳು." ಆಮೇಲೆ, "ಕೇಳಿದಳಲ್ಲ ಮಾರಾಯ್ರೆ! ಮೊದಲೇ ಕೇಳಿದಳು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಮ್ಮ ಮೇಷ್ಟ್ರು ನೋಟ್ಸು ತೆಗೆದು ಹನ್ನೆರಡನೇ ಪುಟ ನೋಡಿದರು, ಮೂವತ್ತೊಂದು ನೋಡಿದರು, ಮತ್ತೆ ಹನ್ನೆರಡಕ್ಕೆ ಹೋದರು. ತಪ್ಪಾಯಿತು ಅನ್ನಲಿಲ್ಲ. "ಹಾಳೆ ಇಲ್ಲೇ ಇರುತ್ತೆ," ಅಂದರು. "ಹೋಗಿ."

"ಹೆಸ್ರು?" ಅಂದೆ.

"ಹೋಗಿ ಅಂದೆನಲ್ಲ!"

ಆಚೆ ಬಂದ ಮೇಲೆ ನಾನು ಅವಳ ಮುಖ ನೋಡಲಾರದೆ ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದೆ.

"ತಾತ, ಇನ್ನೊಂದು ಸಲ ನಾನು ಲೆಕ್ಕ ಮಾಡುವಾಗ ಬಾಯಿ ಬುಟ್ಟೀಯ, ನೋಡು," ಅಂದಳು. ಬೈದಳೋ ನಕ್ಕಳೋ ತಿಳಿಯಲಿಲ್ಲ.

ಮೂರು ದಿನ ಕಳೆದು ಶಾಲೆಯ ಗೋಡೆಗೆ ಪಟ್ಟಿ ಅಂಟಿಸಿದರು. ಹೆಸರುಗಳು ಅಕ್ಷರದ ಕ್ರಮದಲ್ಲಿದ್ದವು. ಅವಳದು ಮೇಲಿನಿಂದ ಮೂರನೆಯದಾಗಿ ಇರಬೇಕಿತ್ತು, ಇರಲಿಲ್ಲ. ನಾನು ಬೆರಳಿಟ್ಟು, ಒತ್ತಕ್ಷರ ಕೂಡಿಸಿಕೊಂಡು, ಒಂದೊಂದೇ ಹೆಸರು ಓದುತ್ತಾ ಕೆಳಗಿಳಿದೆ. ಹಿಂದಿದ್ದ ಹುಡುಗರು ಬೇಗ ಬೇಗ ಎಂದು ಗೊಣಗುತ್ತಿದ್ದರು. ಪಟ್ಟಿ ಮುಗಿದು ಗೆರೆ ಎಳೆದಿತ್ತು. ಆ ಗೆರೆಯ ಕೆಳಗೆ, ಕಾಗದದ ಅಂಚಿಗೆ ತಾಗುವಂತೆ, ಬೇರೆ ಶಾಯಿಯಲ್ಲಿ, ಕಾಗುಣಿತ ಕಾಣದಷ್ಟು ಚಿಕ್ಕದಾಗಿ ಇನ್ನೊಂದು ಹೆಸರು ಬರೆದಿದ್ದರು. ನಾನು ಅದನ್ನು ಆ ಹುಡುಗರಿಗೆಲ್ಲ ಕೇಳುವಂತೆ ಕೂಗಿ ಓದಿದೆ, ಎರಡು ಸಲ.